ಅಚ್ಚು ತೆಗೆದಿಡುವ ಹೊತ್ತು

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಬೋಧನೋಪಕರಣಗಳಿಗೆ ಒಂದು ಅಂಕಣವಿದೆ. ಅದರಲ್ಲಿ ಚಾರ್ಟ್, ಮಾದರಿ, ಮಿಂಚುಪಟ್ಟಿ ಎಂದು ಬರೆಯುವಂತೆಯೇ 'ಕಂಪ್ಯೂಟರ್' ಎಂದೂ ಬರೆಯುತ್ತೇವೆ. ಚಾರ್ಟನ್ನು ಹಿಂದಿನ ರಾತ್ರಿ ನಾವೇ ಬರೆದಿರುತ್ತೇವೆ, ಅದು ಬೆಳಗ್ಗೆ ಕೈಕೊಡುವುದಿಲ್ಲ. ಕಂಪ್ಯೂಟರ್ ಮಾತ್ರ ಹಿಂದಿನ ದಿನ ಚೆನ್ನಾಗಿದ್ದು ಪಾಠದ ದಿನ ಕಪ್ಪು ಪರದೆ ತೋರಿಸಬಹುದು. ಈ ವರ್ಷದ ಇಂಟರ್ನ್‌ಶಿಪ್‌ನಲ್ಲಿ ನಾನು ವಿಜ್ಞಾನ ಪಾಠಗಳ ಜೊತೆಗೆ ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಓಎಸ್ ಹಾಕಿದ ಕೂಡಲೇ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಒಂದು ಪೆನ್‌ಡ್ರೈವ್‌ನಲ್ಲಿ ತೆಗೆದಿಟ್ಟುಕೊಳ್ಳುವುದು, ಮುಂದೆ ಯಾವ ಯಂತ್ರ ಕೆಟ್ಟರೂ ಕೆಲವೇ ನಿಮಿಷಗಳಲ್ಲಿ ಅದನ್ನು ಮೊದಲಿನ ಸ್ಥಿತಿಗೆ ತರುವುದು, ಇಷ್ಟೇ ಆ ಕೆಲಸ. ಇದಕ್ಕೆ ಸಿಸ್ಟಂ ಇಮೇಜ್ ಎನ್ನುತ್ತಾರೆ.

ಕೊಠಡಿಯ ಸ್ಥಿತಿ

ನಾನಿದ್ದದ್ದು ಕಿಬ್ಬನಹಳ್ಳಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ. ಕೆ.ಬಿ.ಕ್ರಾಸ್‌ನಲ್ಲಿ ಬಸ್ ಇಳಿದು ತೋಟದ ಸಾಲಿನಲ್ಲಿ ಸ್ವಲ್ಪ ದೂರ ನಡೆಯಬೇಕು. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಎಂಟು ಯಂತ್ರಗಳು. ಏಳರಲ್ಲಿ 500 ಜಿಬಿಯ ಹಾರ್ಡ್ ಡಿಸ್ಕ್. ಒಂದರ ಡಿಸ್ಕ್ ಹಿಂದೆ ಕೆಟ್ಟು, ಅದಕ್ಕೆ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದರು. ಎಲ್ಲದರಲ್ಲೂ 4 ಜಿಬಿ ರ‍್ಯಾಮ್. ಒಂಬತ್ತನೇ ತರಗತಿಯಲ್ಲಿ 31 ಮಕ್ಕಳು. ಎಂಟೂ ಓಡಿದರೆ ಒಂದಕ್ಕೆ ನಾಲ್ಕು ಮಕ್ಕಳಂತೆ ಕೂರಬಹುದು. ನಾನು ಹೋದ ವಾರ ಓಡುತ್ತಿದ್ದವು ಮೂರು. ಅಂದರೆ ಒಂದಕ್ಕೆ ಹತ್ತು ಮಕ್ಕಳು. ಮೌಸ್ ಹಿಡಿದವನೊಬ್ಬ, ಉಳಿದವರು ಅವನ ಹೆಗಲ ಮೇಲಿಂದ ಇಣುಕುವವರು.

ಯಂತ್ರಗಳು ಕೆಡುವುದಕ್ಕೆ ಅಲ್ಲಿ ದೊಡ್ಡ ಕಾರಣ ವಿದ್ಯುತ್ತು. ಹಗಲಿನಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಯುಪಿಎಸ್‌ನ ಬ್ಯಾಟರಿಗಳು ಮುಗಿದು ಎಷ್ಟೋ ಕಾಲವಾಗಿದೆ. ಡಿಸ್ಕಿಗೆ ಏನಾದರೂ ಬರೆಯುತ್ತಿರುವಾಗಲೇ ಯಂತ್ರ ಆರಿಹೋದರೆ ಕಡತಗಳ ಲೆಕ್ಕಪುಸ್ತಕ ಅರ್ಧ ಬರೆದ ಹಾಗೆಯೇ ಉಳಿಯುತ್ತದೆ. ಬಹಳ ಸಲ ಓಎಸ್ ತಾನೇ ಅದನ್ನು ಸರಿಮಾಡಿಕೊಳ್ಳುತ್ತದೆ. ಕೆಲವೊಮ್ಮೆ, ಅದರಲ್ಲೂ ಅಪ್‌ಡೇಟ್ ನಡೆಯುವಾಗ ಕರೆಂಟು ಹೋದರೆ, ಮತ್ತೆ ಏಳುವುದೇ ಇಲ್ಲ. ಇದರ ಮೇಲೆ ಮಕ್ಕಳ ಕುತೂಹಲವೂ ಸೇರುತ್ತದೆ. ಕೀಲಿಮಣೆಯ ಭಾಷೆ ಬದಲಾಗಿರುತ್ತದೆ, ಮೆನು ಪಟ್ಟಿ ಮಾಯವಾಗಿರುತ್ತದೆ, ಯಾವುದೋ ಪಾಸ್‌ವರ್ಡ್ ಬಿದ್ದಿರುತ್ತದೆ.

ಇಂಥ ಯಂತ್ರಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: 'ಫಾರ್ಮ್ಯಾಟ್ ಮಾಡಿಸಿ'. ಅದರ ಖರ್ಚನ್ನು ಮೊದಲ ಯಂತ್ರದಲ್ಲಿ ಗಡಿಯಾರ ಇಟ್ಟು ಅಳೆದೆ. ಉಬುಂಟು 22.04 ಅನ್ನು ಪೆನ್‌ಡ್ರೈವ್‌ನಿಂದ ಹಾಕಲು 25 ನಿಮಿಷ. ಅಪ್‌ಡೇಟುಗಳನ್ನೂ ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೂ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿ ಹಾಕಲು 80 ನಿಮಿಷ. ಕನ್ನಡ ಕೀಲಿಮಣೆ, ಬಳಕೆದಾರರ ಖಾತೆ, ಪರದೆಯ ಹೊಂದಿಕೆಗಳಿಗೆ 15 ನಿಮಿಷ. ಒಟ್ಟು ಎರಡು ತಾಸು. ಎಂಟು ಯಂತ್ರಕ್ಕೆ ಹದಿನಾರು ತಾಸು, ಅದೂ ನಡುವೆ ಕರೆಂಟು ಹೋಗದಿದ್ದರೆ. ಮುಂದಿನ ತಿಂಗಳು ಇನ್ನೆರಡು ಕೆಟ್ಟರೆ ಮತ್ತೆ ನಾಲ್ಕು ತಾಸು. ಈ ಲೆಕ್ಕ ನೋಡಿದರೆ ಶಿಕ್ಷಕರು ಕೊಠಡಿಗೆ ಬೀಗ ಹಾಕಿಡುವುದರಲ್ಲಿ ಆಶ್ಚರ್ಯವಿಲ್ಲ.

ಪ್ರತಿಬಿಂಬ ಅಂದರೆ ಏನು

ಎರಡು ತಾಸಿನ ಆ ಕೆಲಸದ ಫಲವೆಲ್ಲ ಕೊನೆಗೆ ಡಿಸ್ಕಿನ ಮೇಲಿನ ಬರಹವೇ. ಆ ಬರಹವನ್ನು ಹಾಗೆಯೇ ಎತ್ತಿಟ್ಟುಕೊಂಡರೆ ಕೆಲಸವನ್ನು ಮತ್ತೆ ಮಾಡಬೇಕಾಗಿಲ್ಲ, ಬರಹವನ್ನು ಮರಳಿ ಬರೆದರೆ ಸಾಕು. ಕಡತಗಳನ್ನು ಮಾತ್ರ ನಕಲು ಮಾಡಿದರೆ ಯಂತ್ರ ಏಳುವುದಿಲ್ಲ. ಏಕೆಂದರೆ ಡಿಸ್ಕನ್ನು ಭಾಗ ಮಾಡಿದ ಪಟ್ಟಿ, ಯಂತ್ರವನ್ನು ಎಬ್ಬಿಸುವ ಬೂಟ್ ಭಾಗ ಇವು ಸಾಮಾನ್ಯ ಕಡತಗಳ ಸಾಲಿನಲ್ಲಿ ಕಾಣುವುದಿಲ್ಲ. ಪ್ರತಿಬಿಂಬದಲ್ಲಿ ಅವೂ ಇರುತ್ತವೆ.

ಹಾಗೆಂದು ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಒಂದೊಂದು ಬಿಟ್ಟನ್ನೂ ನಕಲು ಮಾಡಲು ಹೊರಟರೆ ಕಷ್ಟ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ನಿಜವಾಗಿ ಸಿಗುವ ವೇಗ ಸೆಕೆಂಡಿಗೆ ಸುಮಾರು 25 ಎಂಬಿ. 240 ಜಿಬಿ ಸಾಗಿಸಲು 9,600 ಸೆಕೆಂಡು, ಅಂದರೆ 2 ತಾಸು 40 ನಿಮಿಷ. ಅದನ್ನು ಇಡಲು ಅಷ್ಟೇ ದೊಡ್ಡ ಡಿಸ್ಕೂ ಬೇಕು. ಆದರೆ ಹೊಸದಾಗಿ ಓಎಸ್ ಹಾಕಿದ ಯಂತ್ರದಲ್ಲಿ ತುಂಬಿರುವುದು 14 ಜಿಬಿ ಮಾತ್ರ, ಉಳಿದದ್ದು ಖಾಲಿ ಜಾಗ. ನಾನು ಬಳಸಿದ ಕ್ಲೋನ್‌ಜಿಲ್ಲಾ ಎಂಬ ಮುಕ್ತ ತಂತ್ರಾಂಶ ಕಡತವ್ಯವಸ್ಥೆಯ ಪಟ್ಟಿಯನ್ನು ಓದಿ, ತುಂಬಿರುವ ತುಣುಕುಗಳನ್ನು ಮಾತ್ರ ಎತ್ತಿ, ಒತ್ತಿ ಚಿಕ್ಕದಾಗಿಸಿ ಇಡುತ್ತದೆ. ತೈವಾನಿನ ರಾಷ್ಟ್ರೀಯ ಗಣಕ ಕೇಂದ್ರವೊಂದರ ತಂಡ ಇದನ್ನು ಬೆಳೆಸಿಕೊಂಡು ಬಂದಿದೆ. ನಮ್ಮ 14 ಜಿಬಿ ಅದರಲ್ಲಿ ಸುಮಾರು 6 ಜಿಬಿ ಆಯಿತು. ಅದೇ ಕಿಂಡಿಯಲ್ಲಿ 6 ಜಿಬಿ ಓದಲು 240 ಸೆಕೆಂಡು, ನಾಲ್ಕೇ ನಿಮಿಷ. ಎರಡು ತಾಸು ನಿಮಿಷಗಳಿಗೆ ಇಳಿಯುವ ಗುಟ್ಟು ಇಷ್ಟೇ.

ಯಾವ ಗಳಿಗೆಯಲ್ಲಿ

ಇಲ್ಲಿ ಮುಖ್ಯ ಪ್ರಶ್ನೆ, ಯಾವಾಗ ಎತ್ತಿಡಬೇಕು ಎಂಬುದು. ಆಲೆಮನೆಯಲ್ಲಿ ಬೆಲ್ಲದ ಅಚ್ಚು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಚ್ಚಿನಲ್ಲಿ ಒಂದು ಸೀಳಿದ್ದರೆ ಪ್ರತಿ ಉಂಡೆಯ ಮೇಲೂ ಆ ಗೆರೆ ಮೂಡುತ್ತದೆ. ಪ್ರತಿಬಿಂಬವೂ ಹಾಗೆಯೇ. ಅದಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ವಿವೇಚನೆಯಿಲ್ಲ. ಆರು ತಿಂಗಳು ಬಳಸಿದ ಯಂತ್ರದಿಂದ ತೆಗೆದರೆ ಆರು ತಿಂಗಳ ಕಸ, ಅರ್ಧಕ್ಕೆ ನಿಂತ ಅಪ್‌ಡೇಟು, ಯಾರೋ ಬಿಟ್ಟುಹೋದ ಪಾಸ್‌ವರ್ಡು ಎಲ್ಲವೂ ಎಂಟು ಯಂತ್ರಗಳಿಗೂ ಹಂಚಿಕೆಯಾಗುತ್ತವೆ.

ಓಎಸ್ ಹಾಕಿ ಮೊದಲ ಸಲ ಯಂತ್ರ ಎದ್ದ ಕ್ಷಣದಲ್ಲೇ ತೆಗೆದರೆ ಅದು ಬಹಳ ಬೇಗ ಆಯಿತು. ಅದರಲ್ಲಿ ಕನ್ನಡ ಕೀಲಿಮಣೆಯಿಲ್ಲ, ಜಿಯೋಜೀಬ್ರಾ ಇಲ್ಲ. ಪ್ರತಿ ಸಲ ಮರಳಿ ಹಾಕಿದ ಮೇಲೂ 80 ನಿಮಿಷದ ಇಳಿಸುವ ಕೆಲಸ ಉಳಿದೇ ಇರುತ್ತದೆ. ಸರಿಯಾದ ಗಳಿಗೆ ಈ ಎರಡರ ನಡುವೆ ಇದೆ. ತರಗತಿಗೆ ಬೇಕಾದದ್ದೆಲ್ಲ ಒಳಗೆ ಬಂದಿರಬೇಕು, ಯಾರೂ ಇನ್ನೂ ಬಳಸಿರಬಾರದು. ಆ ಗಳಿಗೆ ಒಂದು ಮಧ್ಯಾಹ್ನದಷ್ಟು ಮಾತ್ರ ಇರುತ್ತದೆ. ಮರುದಿನ ಮಕ್ಕಳು ಬಂದು ಕೂತರೆ ಮುಗಿಯಿತು.

ಇದೇ ಯೋಚನೆಯ ದೊಡ್ಡ ರೂಪ ನಮ್ಮ ಗಡಿಯಾಚೆ ಇದೆ. ಕೇರಳದಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ, ಪಠ್ಯಕ್ಕೆ ಬೇಕಾದ ತಂತ್ರಾಂಶಗಳನ್ನು ಸೇರಿಸಿ ಶಾಲೆಗಳಿಗಾಗಿಯೇ ಒಂದು ಗ್ನೂ/ಲಿನಕ್ಸ್ ಓಎಸ್ ಸಿದ್ಧಪಡಿಸಿ ಕೊಡುತ್ತದೆ. ಅಂಥ ಸಿದ್ಧ ಓಎಸ್‌ನಿಂದ ಬಹಳಷ್ಟು ಕೆಲಸ ಉಳಿಯುತ್ತದೆ. ಆದರೆ ಅದನ್ನೂ ಒಂದೊಂದು ಯಂತ್ರಕ್ಕೆ ಹಾಕಿ ಆ ಕೊಠಡಿಗೆ ಹೊಂದಿಸಬೇಕು. ಪ್ರತಿಬಿಂಬ ಶುರುವಾಗುವುದು ಆ ಹೊಂದಿಕೆ ಮುಗಿದ ಮೇಲೆ.

ಅಚ್ಚಿಗೆ ಮುಂಚಿನ ಸಿದ್ಧತೆ

ಅಚ್ಚು ತೆಗೆಯಲು ಯಾವ ಯಂತ್ರವನ್ನು ಆರಿಸಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡೆ. ಕ್ಲೋನ್‌ಜಿಲ್ಲಾ ದೊಡ್ಡ ಡಿಸ್ಕಿನ ಪ್ರತಿಬಿಂಬವನ್ನು ಚಿಕ್ಕ ಡಿಸ್ಕಿಗೆ ಹಾಕಲು ಒಪ್ಪುವುದಿಲ್ಲ. ಒಳಗೆ 14 ಜಿಬಿಯೇ ಇರಲಿ, ಭಾಗಪಟ್ಟಿಯಲ್ಲಿ 500 ಎಂದು ಬರೆದಿದ್ದರೆ 240ರಲ್ಲಿ ಅದಕ್ಕೆ ಜಾಗವಿಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಎಸ್‌ಎಸ್‌ಡಿ ಇದ್ದ ಯಂತ್ರವೇ ನಮ್ಮ ಅಚ್ಚಾಯಿತು. ಎರಡನೆಯದು ಬೂಟ್ ಆಗುವ ಬಗೆ. ಹಳೆಯ ಬಯಾಸ್ ಬಗೆಯಲ್ಲಿ ಹಾಕಿದ ಓಎಸ್ ಹೊಸ ಯುಇಎಫ್‌ಐ ಬಗೆಗೆ ಹೊಂದಿಸಿದ ಯಂತ್ರದಲ್ಲಿ ಏಳುವುದಿಲ್ಲ. ಲಿನಕ್ಸ್ ಓಡುತ್ತಿರುವಾಗ ಈ ಸಾಲು ಬರೆದರೆ ಗೊತ್ತಾಗುತ್ತದೆ:

```
ls /sys/firmware/efi
```

ಕಡತಗಳ ಪಟ್ಟಿ ಬಂದರೆ ಯುಇಎಫ್‌ಐ, ಅಂಥದ್ದೇನೂ ಇಲ್ಲ ಎಂದರೆ ಬಯಾಸ್. ನಮ್ಮಲ್ಲಿ ಏಳು ಯಂತ್ರಗಳು ಬಯಾಸ್ ಬಗೆಯವು. ಒಂದನ್ನು ಸೆಟಪ್ ಪರದೆಗೆ ಹೋಗಿ ಅದೇ ಬಗೆಗೆ ಬದಲಿಸಿಕೊಂಡೆವು.

ಉಬುಂಟು ಹಾಕಿ ಎರಡು ಖಾತೆ ಮಾಡಿದೆ. `lab` ಎಂಬುದು ಶಿಕ್ಷಕರದು, ತಂತ್ರಾಂಶ ಸೇರಿಸುವ ಅಧಿಕಾರ ಅದಕ್ಕೆ ಮಾತ್ರ. `vidyarthi` ಎಂಬುದು ಮಕ್ಕಳದು. ನನ್ನ ಹೆಸರಿನ ಖಾತೆ ಬೇಡ ಎಂದುಕೊಂಡದ್ದು ವಿನಯಕ್ಕಲ್ಲ. ನಾನು ಹೋದ ಮೇಲೂ ಆ ಹೆಸರು ಎಂಟು ಪರದೆಗಳಲ್ಲಿ ಉಳಿಯುತ್ತದೆ ಮತ್ತು ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಅಪ್‌ಡೇಟ್ ಮುಗಿಸಿ ಬೇಕಾದದ್ದನ್ನು ಹಾಕಿದೆ:

```
sudo apt update
sudo apt full-upgrade
sudo apt install ibus-m17n fonts-knda
sudo apt install geogebra kalzium stellarium
```

`fonts-knda` ಎಂಬುದು ಕನ್ನಡ ಅಕ್ಷರಶೈಲಿಗಳ ಕಟ್ಟು. ಗುಬ್ಬಿ, ನವಿಲು, ಲೋಹಿತ್ ಮೂರೂ ಅದರಲ್ಲಿ ಬರುತ್ತವೆ. `ibus-m17n` ಇದ್ದರೆ ನುಡಿಯಲ್ಲಿ ಕಲಿತ ಕೆ.ಜಿ.ಪಿ. ಕೀಲಿಮಣೆಯಲ್ಲೇ ಬೆರಳಚ್ಚು ಮಾಡಬಹುದು. ಜಿಯೋಜೀಬ್ರಾ ಗಣಿತಕ್ಕೂ ಚಲನೆಯ ನಕ್ಷೆಗಳಿಗೂ, ಕಾಲ್ಜಿಯಂ ಆವರ್ತಕೋಷ್ಟಕಕ್ಕೆ, ಸ್ಟೆಲೇರಿಯಂ ಆಕಾಶಕ್ಕೆ.

ಇಷ್ಟಾದ ಮೇಲೆ ಎರಡು ಸಲ ಆರಿಸಿ ಎಬ್ಬಿಸಿದೆ. ಮಕ್ಕಳ ಖಾತೆಯಲ್ಲಿ ಒಳಹೊಕ್ಕು 'ಚಿಕ್ಕನಾಯಕನಹಳ್ಳಿ' ಎಂದು ಬೆರಳಚ್ಚು ಮಾಡಿ ಒತ್ತಕ್ಷರ ಸರಿಬಂತೇ ನೋಡಿದೆ. ಪ್ರತಿ ತಂತ್ರಾಂಶವನ್ನೂ ತೆರೆದೆ, ಧ್ವನಿ ಬರುತ್ತದೆಯೇ ಕೇಳಿದೆ. ಅಚ್ಚಿನಲ್ಲಿ ಈಗ ಕಂಡ ದೋಷ ಒಂದು ಸಲ ತಿದ್ದಿದರೆ ಹೋಗುತ್ತದೆ. ಹಂಚಿದ ಮೇಲೆ ಕಂಡರೆ ಎಂಟು ಸಲ ತಿದ್ದಬೇಕು.

ಕೊನೆಯ ಹೆಜ್ಜೆ ತೊಳೆಯುವುದು. ಹಾಟ್‌ಸ್ಪಾಟ್‌ನ ಹೆಸರು ಮತ್ತು ಪಾಸ್‌ವರ್ಡ್ ಯಂತ್ರದಲ್ಲಿ ಉಳಿದಿರುತ್ತವೆ. ಹಾಗೆಯೇ ಬಿಟ್ಟರೆ ಎಂಟು ಯಂತ್ರಗಳೂ ನಮ್ಮ ಮೊಬೈಲು ಹತ್ತಿರ ಬಂದಾಗಲೆಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ವೈಫೈ ಪಟ್ಟಿಯಿಂದ ಅದನ್ನು ಅಳಿಸಿದೆ. ಬ್ರೌಸರಿನ ಇತಿಹಾಸ ಅಳಿಸಿದೆ. ಆಮೇಲೆ ಈ ಮೂರು ಸಾಲು:

```
sudo apt clean
sudo truncate -s 0 /etc/machine-id
sudo poweroff
```

ಮೊದಲನೆಯದು ಇಳಿಸಿಕೊಂಡ ಪೊಟ್ಟಣಗಳನ್ನು ಅಳಿಸಿ ಪ್ರತಿಬಿಂಬವನ್ನು ಚಿಕ್ಕದಾಗಿಸುತ್ತದೆ. ಎರಡನೆಯದು ಯಂತ್ರದ ಗುರುತಿನ ಸಂಖ್ಯೆಯನ್ನು ಖಾಲಿ ಮಾಡುತ್ತದೆ. ಪ್ರತಿ ಉಬುಂಟು ಯಂತ್ರಕ್ಕೂ ತನ್ನದೇ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದನ್ನೂ ನಕಲು ಮಾಡಿದರೆ ಎಂಟೂ ತಾವೊಬ್ಬರೇ ಎಂದುಕೊಳ್ಳುತ್ತವೆ, ಅವುಗಳನ್ನು ಮುಂದೆ ಒಂದು ಜಾಲಕ್ಕೆ ಸೇರಿಸಿದಾಗ ಗೊಂದಲವಾಗಬಹುದು. ಖಾಲಿ ಇದ್ದರೆ ಮುಂದಿನ ಸಲ ಎದ್ದಾಗ ಪ್ರತಿಯೊಂದೂ ಹೊಸ ಸಂಖ್ಯೆ ಬರೆದುಕೊಳ್ಳುತ್ತದೆ. ಅದಕ್ಕೇ ಮೂರನೆಯ ಸಾಲು. ಆರಿಸಿದ ಮೇಲೆ ಪ್ರತಿಬಿಂಬ ತೆಗೆಯುವವರೆಗೆ ಆ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಬಾರದು.

ತೆಗೆಯುವುದು, ಮರಳಿ ಹಾಕುವುದು

ಎರಡು ಪೆನ್‌ಡ್ರೈವ್ ಬೇಕಾದವು. ಒಂದರಲ್ಲಿ ಕ್ಲೋನ್‌ಜಿಲ್ಲಾ ಲೈವ್, ಯಂತ್ರ ಏಳುವುದು ಅದರಿಂದಲೇ. ಓಡುತ್ತಿರುವ ಓಎಸ್ ತನ್ನ ಪ್ರತಿಬಿಂಬವನ್ನು ತಾನೇ ಸರಿಯಾಗಿ ತೆಗೆದುಕೊಳ್ಳಲಾರದು, ತೆಗೆಯುತ್ತಿರುವಾಗಲೂ ಅದು ಬದಲಾಗುತ್ತಲೇ ಇರುತ್ತದೆ. ಎರಡನೆಯದು 32 ಜಿಬಿಯದು, ಪ್ರತಿಬಿಂಬ ಇಡಲು. ಪರದೆಯಲ್ಲಿ ಆರಿಸಿದ್ದು ಈ ಕ್ರಮದಲ್ಲಿ: `device-image`, ಆಮೇಲೆ ಪ್ರತಿಬಿಂಬ ಇಡುವ ಜಾಗಕ್ಕೆ `local_dev`, ಆಮೇಲೆ `Beginner`, ಆಮೇಲೆ `savedisk`. ಹೆಸರು ಕೇಳಿದಾಗ ತಿಂಗಳು, ವರ್ಷ, ಓಎಸ್ ಗೊತ್ತಾಗುವಂತೆ ಬರೆದೆ. ಉಳಿಸಿದ್ದನ್ನು ಪರೀಕ್ಷಿಸಬೇಕೇ ಎಂದು ಕೇಳುತ್ತದೆ, ಅಲ್ಲಿ ಹೌದು ಎನ್ನಲೇಬೇಕು. ನಮ್ಮ ಪೆನ್‌ಡ್ರೈವ್‌ಗೆ ಬರೆಯುವ ವೇಗ ಓದುವುದಕ್ಕಿಂತ ಕಡಿಮೆ. ಉಳಿಸಲು 12 ನಿಮಿಷ, ಪರೀಕ್ಷೆಗೆ 5 ನಿಮಿಷ ಹಿಡಿಯಿತು. ಕೊನೆಗೆ ಪರದೆಯಲ್ಲಿ `restorable` ಎಂಬ ಪದ ಬಂದರೆ ಅಚ್ಚು ಸರಿಯಿದೆ ಎಂದು ತಿಳಿಯಬೇಕು. ನಡುವೆ ಕರೆಂಟು ಹೋದರೆ ಅರ್ಧ ಉಳಿದದ್ದನ್ನು ಅಳಿಸಿ ಮೊದಲಿನಿಂದ ಮಾಡಬೇಕು.

ಮರಳಿ ಹಾಕುವಾಗ ಎಲ್ಲವೂ ಹಾಗೆಯೇ, `savedisk` ಬದಲು `restoredisk` ಅಷ್ಟೇ. ಆದರೆ ಇಲ್ಲಿ ಜೋಪಾನವಾಗಿರಬೇಕಾದ ಒಂದು ಜಾಗವಿದೆ. ಯಾವ ಡಿಸ್ಕಿನ ಮೇಲೆ ಬರೆಯಬೇಕು ಎಂದು ಕೇಳಿದಾಗ `sda`, `sdb` ಎಂಬ ಹೆಸರು ನಂಬಬಾರದು, ಅವು ಒಂದು ಯಂತ್ರದಿಂದ ಇನ್ನೊಂದಕ್ಕೆ ಅದಲು ಬದಲಾಗುತ್ತವೆ. ಪಕ್ಕದಲ್ಲಿರುವ ಗಾತ್ರವನ್ನೂ ತಯಾರಕರ ಹೆಸರನ್ನೂ ಓದಿ ಆರಿಸಬೇಕು. ಬರೆಯುವ ಮುನ್ನ ಅದು ಎರಡು ಸಲ `y/n` ಕೇಳುತ್ತದೆ. ಎರಡನೆಯ ಸಲ ಗಾತ್ರವನ್ನು ಗಟ್ಟಿಯಾಗಿ ಓದಿ ಹೇಳುವುದನ್ನು ಅಭ್ಯಾಸ ಮಾಡಿಸಿದೆ. 500 ಜಿಬಿಯ ಯಂತ್ರಗಳಲ್ಲಿ `-k1` ಎಂಬ ಆಯ್ಕೆ ತೆಗೆದುಕೊಂಡರೆ ಭಾಗಗಳು ದೊಡ್ಡ ಡಿಸ್ಕಿಗೆ ತಕ್ಕಂತೆ ಹಿಗ್ಗುತ್ತವೆ. ಇಲ್ಲದಿದ್ದರೆ 240 ಜಿಬಿಯ ಆಚೆಗಿನ ಜಾಗ ಬಳಕೆಗೆ ಸಿಗದೆ ಉಳಿಯುತ್ತದೆ.

ಎರಡನೆಯ ಯಂತ್ರಕ್ಕೆ ಹಾಕಿದಾಗ ಡಿಸ್ಕಿಗೆ ಬರೆಯುವುದಕ್ಕೆ 6 ನಿಮಿಷ, ಎಬ್ಬಿಸಿ ಆಯ್ಕೆ ಮಾಡುವುದಕ್ಕೆ 3 ನಿಮಿಷ. ಎದ್ದ ಮೇಲೆ `sudo hostnamectl set-hostname lab-02` ಎಂದು ಯಂತ್ರಕ್ಕೆ ಅದರ ಹೆಸರು ಕೊಟ್ಟದ್ದೂ ಸೇರಿ 10 ನಿಮಿಷ. ಒಂದು ಸಲ ನಡುವೆಯೇ ಕರೆಂಟು ಹೋಯಿತು. ಡಿಸ್ಕು ಅರ್ಧ ಬರೆದದ್ದಾಗಿ ಯಂತ್ರ ಏಳಲಿಲ್ಲ, ಆದರೆ ಅಚ್ಚಿಗೆ ಏನೂ ಆಗಿರಲಿಲ್ಲ. ಕರೆಂಟು ಬಂದ ಮೇಲೆ ಮೊದಲಿನಿಂದ ಹಾಕಿದೆವು. ಎರಡು ಮಧ್ಯಾಹ್ನದಲ್ಲಿ ಎಂಟೂ ಎದ್ದು ನಿಂತವು.

ನಾನಿಲ್ಲದಾಗ

ಎಂಟೂ ಓಡುವುದನ್ನು ನೋಡಿ ಮುಖ್ಯೋಪಾಧ್ಯಾಯರು ಸಂತೋಷಪಟ್ಟರು, ಆದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸರಿ ಕಣಮ್ಮ, ನೀವು ಹೋದ ಮೇಲೆ ಇದನ್ನ ಯಾರು ನೋಡ್ಕೋತಾರೆ?" ನ್ಯಾಯವಾದ ಪ್ರಶ್ನೆ. ಇಂಟರ್ನ್‌ಶಿಪ್ ಮುಗಿದ ಮೇಲೆ ಉಳಿಯದ ಕೆಲಸ ಶಾಲೆಗೆ ಕೆಲಸವೇ ಅಲ್ಲ.

ಅದಕ್ಕೆ ಮರಳಿ ಹಾಕುವ ಕ್ರಮವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದೆ. ಪ್ರತಿ ಹೆಜ್ಜೆಯ ಎದುರಿಗೆ ಪರದೆಯಲ್ಲಿ ಕಾಣುವ ಇಂಗ್ಲಿಷ್ ಪದವನ್ನು ಹಾಗೆಯೇ, ಪರದೆಯಲ್ಲಿರುವ ಅಕ್ಷರಗಳಲ್ಲೇ ಬರೆದೆ. ಓದುವವರಿಗೆ ಆ ಪದದ ಅರ್ಥ ಗೊತ್ತಿರಬೇಕಾಗಿಲ್ಲ, ಹೋಲಿಸಿ ಗುರುತಿಸಿದರೆ ಸಾಕು. ಆಮೇಲೆ ಪುಟವನ್ನು ಪರೀಕ್ಷೆಗೆ ಒಡ್ಡಿದೆ. ಕೊಠಡಿಯ ಉಸ್ತುವಾರಿಯ ಹಿಂದಿ ಶಿಕ್ಷಕಿಯವರೂ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರೂ ಒಂದು ಯಂತ್ರಕ್ಕೆ ಹಾಕಲಿ, ನಾನು ಬಾಗಿಲ ಬಳಿ ಸುಮ್ಮನೆ ನಿಲ್ಲುತ್ತೇನೆ ಎಂದೆ. ಅವರು ಒಂದೇ ಕಡೆ ತಡೆದರು. "ಮಿಸ್, ಎರಡು ಡಿಸ್ಕು ತೋರಿಸ್ತಿದೆ, ನೀವು ಬರ್ದಿರೋದ್ರಲ್ಲಿ ಒಂದೇ ಇದೆ." ಉತ್ತರ ಹೇಳುವ ಬದಲು 'ಗಾತ್ರ ನೋಡಿ, 500 ಹತ್ತಿರ ಇರುವುದನ್ನು ಆರಿಸಿ' ಎಂಬ ಸಾಲನ್ನು ಪುಟಕ್ಕೆ ಸೇರಿಸಿ ಕೊಟ್ಟೆ. ಮುಂದಿನದನ್ನು ಅವರೇ ಮುಗಿಸಿದರು, 14 ನಿಮಿಷದಲ್ಲಿ. ಸೂಕ್ಷ್ಮ ಬೋಧನೆಯಲ್ಲಿ ನಾವು ಒಂದು ಕೌಶಲವನ್ನು ಬೋಧಿಸಿ, ವಿಮರ್ಶೆ ಕೇಳಿ, ಮರುಬೋಧಿಸುತ್ತೇವಲ್ಲ, ಈ ಪುಟಕ್ಕೂ ಅದೇ ಕ್ರಮ ಒಪ್ಪಿತು.

ಐದನೆಯ ಯಂತ್ರ

ಈ ಕೆಲಸದಲ್ಲಿ ನಾನು ನಿರೀಕ್ಷಿಸದೆ ಸಿಕ್ಕಿದ್ದು ವಿಜ್ಞಾನದ ಒಂದು ಪಾಠ. ಐದನೆಯ ಯಂತ್ರ ಹದಿನೈದು ದಿನಗಳಲ್ಲಿ ಮೂರು ಸಲ ಬಿದ್ದಿತು. ಪ್ರತಿ ಸಲ ಹತ್ತು ನಿಮಿಷದಲ್ಲಿ ಎದ್ದಿತು, ಕೆಲವು ದಿನ ಓಡಿ ಮತ್ತೆ ಬಿದ್ದಿತು. ಮೊದಲಾಗಿದ್ದರೆ ಮಕ್ಕಳು ಏನೋ ಒತ್ತಿರಬೇಕು, ವೈರಸ್ ಇರಬೇಕು ಎಂದು ಮಾತು ಬರುತ್ತಿತ್ತು. ಈಗ ಹಾಗೆ ಹೇಳಲು ಬರುತ್ತಿರಲಿಲ್ಲ. ಎಂಟರಲ್ಲೂ ಇರುವುದು ಒಂದೇ ಅಚ್ಚು, ಕರೆಂಟು ಒಂದೇ, ಕೂರುವ ಮಕ್ಕಳೂ ಸರದಿಯ ಮೇಲೆ ಬದಲಾಗುತ್ತಾರೆ. ಉಳಿದ ಏಳು ನಿಂತಿವೆ, ಇದೊಂದು ಬೀಳುತ್ತಿದೆ. ತಂತ್ರಾಂಶ ಸಮವಾಗಿರುವಾಗ ವ್ಯತ್ಯಾಸ ಇರಬೇಕಾದದ್ದು ಯಂತ್ರಾಂಶದಲ್ಲೇ. ನಿಯಂತ್ರಿತ ಪ್ರಯೋಗ ಎಂದು ನಾವು ತರಗತಿಯಲ್ಲಿ ಹೇಳುವುದು ಇದನ್ನೇ.

`smartmontools` ಎಂಬ ಪೊಟ್ಟಣವನ್ನು ಹಾಕಿ ಡಿಸ್ಕನ್ನೇ ಕೇಳಿದೆವು:

```
sudo smartctl -a /dev/sda
```

ಬಂದ ಪಟ್ಟಿಯಲ್ಲಿ ನೋಡಬೇಕಾದ ಸಾಲು ಎರಡು. `Reallocated_Sector_Ct` ಎಂಬುದು ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ತುಣುಕುಗಳ ಲೆಕ್ಕ, `Current_Pending_Sector` ಎಂಬುದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ತುಣುಕುಗಳ ಲೆಕ್ಕ. ಕೊನೆಯಲ್ಲಿರುವ ಸಂಖ್ಯೆ ಸೊನ್ನೆಯಿದ್ದರೆ ಒಳ್ಳೆಯದು. ಉಳಿದ ಯಂತ್ರಗಳಲ್ಲಿ ಸೊನ್ನೆಯೇ ಇತ್ತು. ಐದನೆಯದರಲ್ಲಿ ಎರಡನೆಯ ಲೆಕ್ಕ ಮೊದಲ ದಿನ 16, ನಾಲ್ಕು ದಿನ ಬಿಟ್ಟು 40. ಏರುತ್ತಿರುವ ಸಂಖ್ಯೆಗೆ ಅಚ್ಚಿನಲ್ಲಿ ಮದ್ದಿಲ್ಲ, ಡಿಸ್ಕು ಸಾಯುತ್ತಿದೆ ಎಂದೇ ಅರ್ಥ. ಹೊಸ ಡಿಸ್ಕಿಗೆ ಬೇಡಿಕೆ ಬರೆಯುವಾಗ 'ಕಂಪ್ಯೂಟರ್ ಕೆಟ್ಟಿದೆ' ಎಂಬ ಸಾಲಿನ ಬದಲು ಈ ಎರಡು ಸಂಖ್ಯೆಗಳನ್ನೂ ಅವುಗಳ ದಿನಾಂಕಗಳನ್ನೂ ಬರೆಯಲು ಸಾಧ್ಯವಾಯಿತು. ಮಕ್ಕಳಿಗೂ ಅವನ್ನು ಕಪ್ಪುಹಲಗೆಯ ಮೇಲೆ ತೋರಿಸಿದೆ. "ಹಂಗಾದ್ರೆ ನಾವ್ ಕೆಡಿಸಿದ್ದಲ್ಲ ಅಲ್ವಾ ಮಿಸ್" ಎಂದು ಒಬ್ಬ ಹುಡುಗ ಕೇಳಿದ. ಅವನ ಮೇಲೆ ಆ ಮಾತು ಹಿಂದೆ ಬಿದ್ದಿತ್ತು ಎಂದು ಆಮೇಲೆ ತಿಳಿಯಿತು.

ಇದರಿಂದ ಆಗದ್ದು

ಪ್ರತಿಬಿಂಬ ಮಕ್ಕಳ ಕೆಲಸವನ್ನು ಕಾಯುವುದಿಲ್ಲ. ಮರಳಿ ಹಾಕಿದಾಗ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಕಪ್ಪು ಪರದೆ ಕಂಡ ಕೂಡಲೇ `restoredisk` ಒತ್ತಬಾರದು. ಉಬುಂಟುವಿನ ಪೆನ್‌ಡ್ರೈವ್‌ನಿಂದ ಹಾಕದೆಯೇ ಓಡಿಸುವ ಆಯ್ಕೆಯಲ್ಲಿ ಯಂತ್ರವನ್ನು ಎಬ್ಬಿಸಿದರೆ ಬಹಳ ಸಲ ಹಳೆಯ ಡಿಸ್ಕಿನ ಕಡತಗಳು ಕಾಣುತ್ತವೆ. ಮಕ್ಕಳ ಕಡತಗಳನ್ನು ನಕಲು ಮಾಡಿಕೊಂಡು ಆಮೇಲೆ ಅಚ್ಚು ಹಾಕಬೇಕು. ಪುಟದ ಮೊದಲ ಹೆಜ್ಜೆ ಅದೇ.

ಅಚ್ಚು ಹಳೆಯದೂ ಆಗುತ್ತದೆ. ತೆಗೆದ ದಿನದಲ್ಲೇ ಅದು ನಿಂತಿರುತ್ತದೆ, ಅಪ್‌ಡೇಟುಗಳು ಮುಂದೆ ಹೋಗುತ್ತವೆ. ವರ್ಷ ಬಿಟ್ಟು ಹಾಕಿದರೆ ಮತ್ತೆ ಒಂದು ತಾಸಿನ ಅಪ್‌ಡೇಟ್ ಕಾಯಬೇಕು. ಅದಕ್ಕೆ ಶೈಕ್ಷಣಿಕ ವರ್ಷದ ಆರಂಭದಲ್ಲಿ ಹಳೆಯ ಅಚ್ಚನ್ನು ಒಂದು ಯಂತ್ರಕ್ಕೆ ಹಾಕಿ, ಆ ದಿನವೇ ಅಪ್‌ಡೇಟ್ ಮಾಡಿ, ತೊಳೆದು, ಹೊಸ ಹೆಸರಿನಲ್ಲಿ ತೆಗೆದಿಡಬೇಕು. ಬಳಸಿದ ಯಂತ್ರದಿಂದ ತೆಗೆಯುವುದು ಸಲ್ಲದು. ಉಬುಂಟು 22.04ಕ್ಕೆ ಸಾಮಾನ್ಯ ಬೆಂಬಲವಿರುವುದು 2027ರ ಏಪ್ರಿಲ್‌ವರೆಗೆ. ಅಲ್ಲಿಗೆ ಹೊಸ ಓಎಸ್‌ನ ಮೇಲೆ ಹೊಸ ಅಚ್ಚು ಬೇಕಾಗುತ್ತದೆ.

ಕಚೇರಿಯ ವಿಂಡೋಸ್ ಯಂತ್ರಕ್ಕೂ ಇದನ್ನೇ ಮಾಡಬಹುದೇ ಎಂದು ಗುಮಾಸ್ತರು ಕೇಳಿದರು. ಮಾಡಬಹುದು. ಆದರೆ ವಿಂಡೋಸ್ ಆರಿದಂತೆ ಕಂಡರೂ ಪೂರ್ತಿ ಆರಿರುವುದಿಲ್ಲ, ಮತ್ತೆ ಬೇಗ ಏಳಲು ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬಿಟ್ಟಿರುತ್ತದೆ. ಹಾಗಿರುವಾಗ ಕ್ಲೋನ್‌ಜಿಲ್ಲಾ ಅದನ್ನು ಓದಲು ತಕರಾರು ಮಾಡುತ್ತದೆ. ಆಡಳಿತಾಧಿಕಾರದ ಕಮಾಂಡ್ ಕಿಟಕಿಯಲ್ಲಿ `powercfg /h off` ಎಂದು ಕೊಟ್ಟು ಆರಿಸಿದ ಮೇಲೆ ತೆಗೆಯಬೇಕು. ವಿಂಡೋಸ್‌ನ ಪರವಾನಗಿ ಒಂದು ಯಂತ್ರಕ್ಕೆ ಸೇರಿದ್ದು, ಆದ್ದರಿಂದ ಆ ಅಚ್ಚು ಆ ಯಂತ್ರಕ್ಕೆ ಮಾತ್ರ.

ನಾನು ಹೊರಡುವಾಗ ಶಾಲೆಯಲ್ಲಿ ಉಳಿದದ್ದು ಬೀರುವಿನಲ್ಲಿ ಒಂದು ಲಕೋಟೆ. ಅದರಲ್ಲಿ ಎರಡು ಪೆನ್‌ಡ್ರೈವ್, ಆ ಒಂದು ಪುಟ, ಎಂಟು ಯಂತ್ರಗಳ ಡಿಸ್ಕಿನ ಗಾತ್ರ ಮತ್ತು ಬೂಟ್ ಬಗೆಯ ಪಟ್ಟಿ. ಪೆನ್‌ಡ್ರೈವ್ ಕಳೆಯುವ ವಸ್ತು, ಅದಕ್ಕಾಗಿ ಅಚ್ಚಿನ ಇನ್ನೊಂದು ಪ್ರತಿ ಕಚೇರಿಯ ಯಂತ್ರದಲ್ಲಿದೆ. ಪಟ್ಟಿಯ ಕೊನೆಯಲ್ಲಿ ಮೂರು ಅಂಕಣ ಹಾಕಿದ್ದೇನೆ: ದಿನಾಂಕ, ಯಂತ್ರದ ಸಂಖ್ಯೆ, ಮರಳಿ ಹಾಕಿದವರು. ಒಂದೇ ಸಂಖ್ಯೆ ತಿಂಗಳಲ್ಲಿ ಎರಡು ಸಲ ಬಂದರೆ ಆ ಡಿಸ್ಕನ್ನು `smartctl` ನಿಂದ ನೋಡಬೇಕು ಎಂದು ಕೆಳಗೆ ಬರೆದಿದ್ದೇನೆ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಮೊದಲ ದಿನ ಆ ಪಟ್ಟಿಯನ್ನು ಕೇಳಿ ಪಡೆದು ಓದಲಿ. ಯಾವ ಪಾಠವನ್ನು ಎಂಟು ಯಂತ್ರಕ್ಕೆ ಯೋಜಿಸಬಹುದು, ಯಾವುದನ್ನು ಏಳಕ್ಕೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.